ಕನಸಲ್ಲೇ ಎದ್ದು ಡ್ಯೂಟಿಗೆ ಹೊರಟರೆ

ರಾಯಚೂರು ಹತ್ತಿರದ ಶಕ್ತಿನಗರದಲ್ಲಿ ಬೆಳಗಿನ ಶಿಫ್ಟ್‌ಗೆ ಹೋಗುವ ನಮ್ಮ ಅಕ್ಕನ ಮಗನಿಗೆ ಒಂದು ಕಾಟ ಇದೆ. ಅಲಾರಂ ಹೊಡೆಯುತ್ತದೆ, ಏಳುತ್ತಾನೆ, ಮುಖ ತೊಳೆದು ಬೂಟು ಹಾಕಿಕೊಳ್ಳುತ್ತಾನೆ. ಅಷ್ಟರಲ್ಲಿ ಎಚ್ಚರ! ಇನ್ನೂ ಹಾಸಿಗೆಯಲ್ಲೇ ಇದ್ದಾನೆ. ‘ಛೆ, ಕನಸಾ’ ಅಂತ ಮತ್ತೆ ಎದ್ದು ಬೂಟು ಹುಡುಕುತ್ತಾನೆ. ಅದೂ ಕನಸೇ. ಇದನ್ನು ಸುಳ್ಳು ಎಚ್ಚರ ಅನ್ನೋಣ.

ಕನಸಿನೊಳಗೆ ಕನಸು ಅಂದರೆ ಬಾವಿಯ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಆಳ ಇದೆ ಅನ್ನಿಸುತ್ತದೆ. ಮಿದುಳಿನಲ್ಲಿ ಅಂಥ ಅಂತಸ್ತುಗಳೇನೂ ಕಂಡಿಲ್ಲ. ಕನಸಿನ ಒಂದು ದೃಶ್ಯ ಮುಗಿದು ‘ನಾನು ಎದ್ದೆ’ ಅನ್ನುವ ಇನ್ನೊಂದು ದೃಶ್ಯ ಶುರುವಾಗುತ್ತದೆ, ಅಷ್ಟೇ.

ಗಾಢವಾದ ಕನಸುಗಳು ಜಾಸ್ತಿ ಬೀಳುವುದು ರೆಮ್ ನಿದ್ದೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುವ ಹೊತ್ತಿನಲ್ಲಿ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಈ ಹಂತ ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ. ಆಗ ಮಿದುಳಿನಲ್ಲಿ ನೋಟ, ಭಾವನೆಗಳ ಭಾಗಗಳು ಚುರುಕಾಗಿರುತ್ತವೆ. ‘ಇದು ಹೇಗೆ ಸಾಧ್ಯ?’ ಅಂತ ತಡೆದು ಕೇಳುವ ಹಣೆಯ ಹಿಂದಿನ ಭಾಗ ಮಾತ್ರ ಮಂದವಾಗಿರುತ್ತದೆ. ಇಷ್ಟಕ್ಕೂ ನಮ್ಮ ಕೋಣೆ, ಬಕೆಟ್ಟು, ಬೂಟು ದಿನಾ ನೋಡಿದವೇ. ನೆನಪಿನಿಂದ ಅವನ್ನು ಕಟ್ಟುವುದು ಮಿದುಳಿಗೆ ಸಲೀಸು. ಆನೆ ಹಾರಿದರೆ ಅನುಮಾನ ಬರಬಹುದು, ಹಲ್ಲುಜ್ಜಿದರೆ ಯಾಕೆ ಬರುತ್ತೆ? ಮೇಲಾಗಿ ಹಿಂದಿನ ಕನಸನ್ನು ‘ಸುಳ್ಳು’ ಅಂತ ಈಗಷ್ಟೇ ತೀರ್ಮಾನಿಸಿರುತ್ತೇವೆ. ಹಾಗಾಗಿ ಈಗಿನದು ನಿಜವೇ ಅಂತ ನಂಬಿಬಿಡುತ್ತೇವೆ. ನನ್ನ ಪ್ರಕಾರ ಸುಳ್ಳು ಎಚ್ಚರದ ಗಟ್ಟಿ ಮೋಸ ಇದೇ.

ಪತ್ತೆ ಹಚ್ಚುವುದು ಹೇಗೆ? 1981ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಕೀತ್ ಹರ್ನ್, ಕನಸೆಂದು ಗೊತ್ತಿದ್ದೇ ಕನಸು ಕಾಣುವವರಿಗೆ ಅಲ್ಲೇ ಲೈಟ್ ಹಾಕಿ ನೋಡಲು ಹೇಳಿದರು. ಹೆಚ್ಚಿನವರಿಗೆ ಬೆಳಕು ಬರಲೇ ಇಲ್ಲ. ಹಾಗಾದರೆ ಸ್ವಿಚ್ಚೇ ಪರೀಕ್ಷೆ ಅಲ್ವಾ? ಹುಡುಗನ ಕನಸಲ್ಲೂ ಲೈಟ್ ಹತ್ತಲಿಲ್ಲ. ಆದರೆ ಅವನು ‘ಕರೆಂಟ್ ಹೋಗಿದೆ’ ಅಂದುಕೊಂಡು ಕತ್ತಲಲ್ಲೇ ಬೂಟು ತಡಕಾಡಿದ. ಕರೆಂಟ್ ತಯಾರಾಗುವ ಊರಲ್ಲೇ ಇದ್ದರೂ! ಕನಸಲ್ಲಿ ನೆಪ ಹುಡುಕುವ ಬುದ್ಧಿ ಮಲಗುವುದಿಲ್ಲ ನೋಡಿ.

ಮೂಗಿನ ಪರೀಕ್ಷೆ ಇದಕ್ಕಿಂತ ವಾಸಿ. ಬಾಯಿ ಮುಚ್ಚಿ, ಮೂಗು ಹಿಡಿದು ಉಸಿರೆಳೆಯಬೇಕು. ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿ ನಿಂತಿರುತ್ತವೆ, ಆದರೆ ಉಸಿರಾಟ ನಿಂತಿರುವುದಿಲ್ಲ. ಕನಸಿನ ಕೈ ಕನಸಿನ ಮೂಗನ್ನಷ್ಟೇ ಹಿಡಿದಿರುತ್ತದೆ. ಹಾಸಿಗೆಯಲ್ಲಿರುವ ನಿಜವಾದ ಮೂಗು ತೆರೆದೇ ಇರುವುದರಿಂದ ಎಷ್ಟೋ ಸಲ ಉಸಿರು ಸರಾಗವಾಗಿ ಬಂದುಬಿಡುತ್ತದೆ. ತೊಂದರೆ ಒಂದೇ: ಮೂಗು ಹಿಡಿಯಬೇಕು ಅಂತ ಹೊಳೆಯಲು ಮೊದಲು ಅನುಮಾನ ಬರಬೇಕು. ಅದನ್ನು ಹುಟ್ಟಿಸುವ ಭಾಗವೇ ಆಗ ತೂಕಡಿಸುತ್ತಿರುತ್ತದೆ. ಅದಕ್ಕೇ ಅವನು ಈಗ ನಿಜವಾಗಿ ಎದ್ದಾಗಲೂ ದಿನಾ ಮೂಗು ಹಿಡಿದು ನೋಡುತ್ತಾನೆ, ರೂಢಿಯಾದರೆ ಕನಸಲ್ಲೂ ಕೈ ತಾನಾಗೇ ಹೋಗಲಿ ಅಂತ.