ಪಟ್ಟಿ ಸುತ್ತುವ ಮೊದಲು ಐದು ನಿಮಿಷ

ಗದಗ ಕಡೆಯ ಒಂದು ಹಳ್ಳಿಯಲ್ಲಿ ಶಿಬಿರ. ಡಾಕ್ಟರು ಬಿಪಿ ಬಗ್ಗೆ ಏಳು ಸಾಲಿನ ಚೀಟಿ ಕೊಟ್ಟು, "ಸಿಸ್ಟರ್, ಜನಕ್ಕೆ ತಿಳಿಯುವ ಹಾಗೆ ಹೇಳಿ" ಎಂದರು. ಮೂರನೇ ಸಾಲು "5 ನಿಮಿಷ ಕೂರಿಸಿ, ಎರಡು ಸಲ ಅಳೆಯಿರಿ" ಎಂದಿತ್ತು. ಜನ ಎಡವುವುದು ಅಲ್ಲೇ. ಹಾಗಾಗಿ ನನ್ನ ಮಾತೆಲ್ಲ ಅದರ ಸುತ್ತಲೇ ಬಂತು. ಮಾತು ಹೀಗಿತ್ತು:

ಅಕ್ಕಾರೆ, ಅಣ್ಣಾರೆ, ಯಂತ್ರ ಎರಡು ಅಂಕಿ ತೋರಿಸುತ್ತದೆ. ಮೇಲಿನದು ಹೃದಯ ರಕ್ತವನ್ನು ದೂಡುವಾಗಿನ ಒತ್ತಡ. ಕೆಳಗಿನದು ಹೃದಯ ಸಡಿಲಾದಾಗಿನದು. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿ, ಬೇರೆ ದಿನ ನೋಡಿದಾಗಲೂ ಹಾಗೇ ಬಂದರೆ ಬಿಪಿ ಇದೆ ಅನ್ನುತ್ತೇವೆ. ಎರಡರಲ್ಲಿ ಒಂದು ಜಾಸ್ತಿ ಇದ್ದರೂ ಸಾಕು.

ಹಿಂದಿನ ಶಿಬಿರಕ್ಕೆ ಒಬ್ಬ ಅಜ್ಜ ಹೊಲದಿಂದ ಸೈಕಲ್ ತುಳಿದು ಬಂದಿದ್ದರು. ಬಾಯಲ್ಲಿ ತಂಬಾಕು. ಸ್ಟೂಲ್ ಮೇಲೆ ಕೂತವರೇ ಅಂಗಿಯ ಮೇಲೇ ಪಟ್ಟಿ ಸುತ್ತಿಸಿಕೊಂಡರು. 168/98 ಬಂತು. "ನನಗ ಬಿಪಿ ಬಂತ್ರಿ, ಪಕ್ಕದ ಮನಿಯಾವ ತಗೊಳ್ಳೋ ಗುಳಿಗೀನ ಕೊಡ್ರಿ" ಎಂದು ಹಟ ಹಿಡಿದರು. ನಾನು ಗದರಿದೆ. ಆಮೇಲೆ ಪಾಪ ಅನ್ನಿಸಿತು, ಗಾಬರಿಯಾಗಿದ್ದರು.

ತಂಬಾಕು ಉಗುಳಿಸಿ, ಮೂತ್ರಕ್ಕೆ ಹೋಗಿಬರಲು ಹೇಳಿ, ಅರ್ಧ ಗಂಟೆ ಬಿಟ್ಟು ಕರೆದೆವು. ಬೆನ್ನಿಗೆ ಆಸರೆ ಇರುವ ಕುರ್ಚಿ ಕೊಟ್ಟೆವು. ಪಾದ ನೆಲಕ್ಕೆ ಊರಿ, ಮಾತಾಡದೆ ಐದು ನಿಮಿಷ ಕೂತರು. ತೋಳಿನ ಬಟ್ಟೆ ತೆಗೆಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿದೆವು. ಕೈ ಇಳಿಬಿಟ್ಟರೆ ಅಂಕಿ ಸುಮ್ನೆ ಏರುತ್ತದೆ. ಈ ಸಲ 146/88, ಒಂದು ನಿಮಿಷ ಬಿಟ್ಟು 142/86. ಬಹಳ ಇಳಿಯಿತು, ಆದರೂ ಗೆರೆ ದಾಟಿಯೇ ಇತ್ತು, ಅಲ್ವಾ? ಅದಕ್ಕೆ ವಾರ ಬಿಟ್ಟು ಆಸ್ಪತ್ರೆಗೆ ಕರೆದೆವು. ಅಲ್ಲಿ 134/84 ಬಂತು. ಡಾಕ್ಟರು ಗುಳಿಗೆ ಬರೆಯಲಿಲ್ಲ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿ, ತಂಬಾಕು ಬಿಡಿ, ಮತ್ತೆ ಬಂದು ತೋರಿಸಿ ಎಂದರು. ಎಲ್ಲರಿಗೂ ಹೀಗೆ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಎರಡನೇ ದಿನವೂ ಜಾಸ್ತಿಯೇ ಬರುತ್ತದೆ. ಅವರಿಗೆ ಚಿಕಿತ್ಸೆ ಬೇಕು.

ಈಗಾಗಲೇ ಗುಳಿಗೆ ನುಂಗುವವರು ಇನ್ನೊಂದು ತಪ್ಪು ಮಾಡುತ್ತೀರಿ. "130 ಬಂತು, ಆರಾಮಾದೆ" ಎಂದು ಗುಳಿಗೆ ಬಿಡುತ್ತೀರಿ. ಆ 130 ಗುಳಿಗೆ ನುಂಗಿದ್ದಕ್ಕೇ ಬಂದದ್ದು. ಡಾಕ್ಟರನ್ನು ಕೇಳದೆ ಬಿಡಬೇಡಿ. ಶಿಬಿರ ಇದೆ ಎಂದು ಬೆಳಗಿನ ಗುಳಿಗೆಯನ್ನೂ ತಪ್ಪಿಸಬೇಡಿ.

ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಇದ್ದರೆ ಈ ಐದು ನಿಮಿಷವೂ ಬೇಡ, ನೇರ 108ಕ್ಕೆ ಫೋನ್ ಮಾಡಿ. ಏನೂ ತೊಂದರೆ ಇಲ್ಲದೆ ಮೇಲಿನದು 180 ಅಥವಾ ಕೆಳಗಿನದು 110 ದಾಟಿದ್ದರೂ ಅವತ್ತೇ ಡಾಕ್ಟರಿಗೆ ತೋರಿಸಿ.

ಈಗ ಚಹಾ ಕುಡಿದವರು, ತಂಬಾಕು ಹಾಕಿಕೊಂಡವರು ಆ ಬೇವಿನ ಗಿಡದ ಕೆಳಗೆ ಅರ್ಧ ಗಂಟೆ ಕೂತಿರಿ. ನಿಮ್ಮ ಪಾಳಿ ನಾನು ಕಾಯ್ದಿಡುತ್ತೇನೆ.