ಮೂರು ಔಷಧಿ, ಒಂದೇ ಗುಳಿಗೆ ಮತ್ತು ಮೇ ತಿಂಗಳ ಬಿಸಿಲು

ಜೇವರ್ಗಿ ಕಡೆಯ ತೊಗರಿ ಬೆಳೆಗಾರರೊಬ್ಬರು, ವಯಸ್ಸು 61. ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಮೊದಲ ಸಲ ಬಂದಾಗ ಬಿ.ಪಿ. 168/102 ಇತ್ತು. ಅವರಿಗೆ ಆಗಲೇ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಆಮ್ಲೋಡಿಪಿನ್ 5 ಮಿ.ಗ್ರಾಂ, ಎರಡು ಬೇರೆ ಬೇರೆ ಗುಳಿಗೆ ನಡೆದಿದ್ದವು. ಚೀಲದಿಂದ ಸ್ಟ್ರಿಪ್ ತೆಗೆಸಿ ನೋಡಿದೆ. ಒಂದರಲ್ಲಿ 15 ಗುಳಿಗೆ, ಇನ್ನೊಂದರಲ್ಲಿ 10. ಹತ್ತರದ್ದು ಮೊದಲು ಮುಗಿಯುತ್ತದೆ, ಅಲ್ವಾ? ಅದೊಂದಕ್ಕಾಗಿ ಊರಿಂದ ಯಾರು ಬರುತ್ತಾರೆ? ಉಳಿದದ್ದನ್ನು ನುಂಗುತ್ತಿದ್ದರು. "ದಿನಾ ತಗೊಂತೀನ್ರಿ ಸಾಹೇಬ್ರಾ" ಅಂದರು. ಅದು ಸುಳ್ಳೂ ಅಲ್ಲ.

ಇಂಥವರಿಗೆ ಎರಡನ್ನೂ ಸೇರಿಸಿದ ಒಂದೇ ಗುಳಿಗೆ ಕೊಡುವುದು ಸರಿ ಅಂತಲೇ ನನ್ನ ಅನುಭವ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಜೋಡಿ ಗುಳಿಗೆಗಳನ್ನು 2019ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದೇ ಔಷಧಿಯನ್ನು ದುಪ್ಪಟ್ಟು ಮಾಡುವುದಕ್ಕಿಂತ, ಬೇರೆ ದಾರಿಯಲ್ಲಿ ಕೆಲಸ ಮಾಡುವ ಇನ್ನೊಂದನ್ನು ಸೇರಿಸಿದರೆ ಬಿ.ಪಿ. ಜಾಸ್ತಿ ಇಳಿಯುತ್ತದೆ. ಆಮ್ಲೋಡಿಪಿನ್‌ನಿಂದ ಬರುವ ಕಾಲು ಬಾವು ಕೂಡ ಟೆಲ್ಮಿಸಾರ್ಟನ್ ಜೊತೆಗಿದ್ದರೆ ಕಡಿಮೆ.

ಅವರಿಗೂ ಆ ಎರಡರ ಗುಳಿಗೆಯನ್ನೇ ಕೊಟ್ಟೆ. ತಿಂಗಳ ನಂತರ ಅವರ ಬಿ.ಪಿ. 148/90ಕ್ಕೆ ಬಂತು. ಇನ್ನೂ ಇಳಿಯಬೇಕಿತ್ತು. ರಕ್ತ ಪರೀಕ್ಷೆ ಮಾಡಿಸಿದೆ: ರಕ್ತದಲ್ಲಿನ ಉಪ್ಪಿನಂಶ ತೋರಿಸುವ ಸೋಡಿಯಂ 138, ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ 1.0. ಎರಡೂ ಸರಿ ಇದ್ದವು. ಹಾಗಾಗಿ ಕ್ಲೋರ್ಥಾಲಿಡೋನ್ 12.5 ಮಿ.ಗ್ರಾಂ ಕೂಡ ಇರುವ ಮೂರರ ಗುಳಿಗೆಗೆ ಬದಲಿಸಿದೆ. ಇದು ಮೂತ್ರದ ಮೂಲಕ ಉಪ್ಪು, ನೀರು ಹೊರಹಾಕುವ ಔಷಧಿ. ಚಳಿಗಾಲ ಪೂರ್ತಿ ಬಿ.ಪಿ. 130/80ರ ಆಸುಪಾಸಿನಲ್ಲೇ ನಿಂತಿತು.

ಮೇ ತಿಂಗಳಲ್ಲಿ ಮಗ ಹಿಡಿದುಕೊಂಡು ಕರೆತಂದ. ನಾಲ್ಕು ದಿನ ಬಿಸಿಲಲ್ಲಿ ಕೆಲಸ, ಆಮೇಲೆ ಎರಡು ದಿನ ಭೇದಿ. "ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ಲತ್ತದ್ರಿ" ಅಂದರು. ಕೂತಾಗ 112/70 ಇತ್ತು. ಈ ಅಂಕಿ ನೋಡಿ ಸುಮ್ನೆ ಕಳಿಸಿಬಿಡಬಹುದು. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದೆ: 86/58. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಬಿಡುವಂತಿಲ್ಲ. ಸೋಡಿಯಂ 127ಕ್ಕೆ ಬಿದ್ದಿತ್ತು, ಕ್ರಿಯಾಟಿನಿನ್ 1.7ಕ್ಕೆ ಏರಿತ್ತು. ಬೆವರು, ಭೇದಿಯಲ್ಲಿ ಉಪ್ಪು ಹೋಗುತ್ತಿದ್ದಾಗಲೇ ಗುಳಿಗೆಯೂ ಉಪ್ಪನ್ನು ಹೊರಹಾಕುತ್ತಿತ್ತು. ಬಾಯಾರಿಕೆಗೆ ಅವರು ಬರೀ ನೀರು ಕುಡಿದಿದ್ದರು. ಉಳಿದ ಉಪ್ಪೂ ತೆಳುವಾಯಿತು.

ಇಲ್ಲೇ ಮೂರರ ಗುಳಿಗೆಯ ತೊಡಕು ಎದುರಾಗುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಟೆಲ್ಮಿಸಾರ್ಟನ್‌ನಿಂದ ಕಿಡ್ನಿಯ ಒಳಗಿನ ಸೋಸುವ ಒತ್ತಡ ಇನ್ನಷ್ಟು ಇಳಿಯುತ್ತದೆ. ಅಂದರೆ ಕ್ಲೋರ್ಥಾಲಿಡೋನ್, ಟೆಲ್ಮಿಸಾರ್ಟನ್ ಎರಡನ್ನೂ ಆಗ ತಡೆಯಬೇಕು. ಆಮ್ಲೋಡಿಪಿನ್ ಮಾತ್ರ ಉಳಿಸೋಣ ಅಂದರೆ ಗುಳಿಗೆಯಿಂದ ಅದೊಂದನ್ನೇ ತೆಗೆಯಲಾಗದು.

"ಅರ್ಧಾ ಮುರ್ದು ತಗೊಂಡ್ರ ಆಗಂಗಿಲ್ಲೇನ್ರಿ?" ಅಂತ ಕೇಳಿದರು. "ಇಲ್ಲ ಕಾಕಾ, ಮುರಿದರೆ ಬೇಡದ್ದೂ ಅರ್ಧ ಬರುತ್ತದೆ, ಬೇಕಾದದ್ದೂ ಅರ್ಧ ಹೋಗುತ್ತದೆ" ಅಂದೆ. ಎರಡು ಬಣ್ಣದ ಪದರ ಕಾಣುತ್ತದೆ ಅಂತ ಪದರ ಬಿಡಿಸಲು ನೋಡುವವರೂ ಇದ್ದಾರೆ. ದಯವಿಟ್ಟು ಬೇಡ, ಅಳತೆ ಸಿಗುವುದಿಲ್ಲ.

ಆ ದಿನ ಬಿ.ಪಿ. ಅಷ್ಟು ಕೆಳಗಿದ್ದದ್ದರಿಂದ ಪೂರ್ತಿ ಗುಳಿಗೆ ನಿಲ್ಲಿಸಿ ಸಲೈನ್ ಹಾಕಿದೆವು. ಸೋಡಿಯಂ ಒಮ್ಮೆಲೇ ಏರಿದರೂ ಮಿದುಳಿಗೆ ಅಪಾಯ. ಅದಕ್ಕೇ ನಿಧಾನವಾಗಿ, ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ ಏರಿಸಿದೆವು. ನಾಲ್ಕನೇ ದಿನ ಬಿ.ಪಿ. 146/88 ಆಯಿತು. ಆಮ್ಲೋಡಿಪಿನ್ 5 ಒಂದನ್ನೇ ಶುರು ಮಾಡಿದೆ. ಹತ್ತನೇ ದಿನ ಕ್ರಿಯಾಟಿನಿನ್ 1.1, ಸೋಡಿಯಂ 136. ಆಗ ಹಳೆಯ ಎರಡರ ಗುಳಿಗೆಗೆ ಮರಳಿದೆವು. ಅಳತೆ ಅದೇ 40 ಮತ್ತು 5, ಮೂರನೆಯದು ಮಾತ್ರ ಇಲ್ಲ.

ಅಂದಿನಿಂದ ನಾನು ಎರಡರ ಗುಳಿಗೆಯನ್ನು ಹೆಚ್ಚಿನವರಿಗೆ ನಿಶ್ಚಿಂತೆಯಿಂದ ಬರೆಯುತ್ತೇನೆ. ಮೂರರದ್ದನ್ನು ಬರೆಯುವಾಗ ಮಾತ್ರ ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ: "ವಾಂತಿ, ಭೇದಿ ಆದರೆ ಇದನ್ನು ತಡೆದು ಅದೇ ದಿನ ಫೋನ್ ಮಾಡಿ." ಏಪ್ರಿಲ್‌ನಲ್ಲಿ ಒಮ್ಮೆ ಕರೆಸಿ, ನಿಲ್ಲಿಸಿ ಬಿ.ಪಿ. ನೋಡಿ, ಸೋಡಿಯಂ ಮಾಡಿಸುತ್ತೇನೆ. ತುಂಬಾ ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಮೂತ್ರದ ಗುಳಿಗೆಯನ್ನು ಬೇರೆಯಾಗಿಯೇ ಕೊಡುತ್ತೇನೆ. ಒಂದು ಗುಳಿಗೆ ಜಾಸ್ತಿಯಾದರೂ ತೆಗೆಯಲು ಬರುತ್ತದೆ.

ಗುಳಿಗೆ ಬದಲಿಸಿದಾಗ ಮನೆಯಲ್ಲಿ ಉಳಿದ ಹಳೆಯ ಸ್ಟ್ರಿಪ್ ತಂದು ಕೊಡಿ ಅಂತಲೂ ಕೇಳುತ್ತೇನೆ. ಒಂದೇ ಕಂಪನಿಯ ಎರಡರದ್ದು, ಮೂರರದ್ದು ಬಹಳ ಸಲ ಒಂದೇ ಥರ ಕಾಣುತ್ತವೆ, ಹೆಸರಿನ ಕೊನೆಯ ಒಂದೆರಡು ಅಕ್ಷರ ಮಾತ್ರ ಬೇರೆ. ಕಾಕಾ ಮರುವಾರ ತಂದ ಡಬ್ಬಿಯಲ್ಲಿ ಎರಡೂ ಕಲೆತಿದ್ದವು. ಕೂತು ಬೇರೆ ಮಾಡಿ, ಮೂರರದ್ದನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.