ಕರಾವಳಿ ಮನೆಗೆ ನಲ್ಲಿ, ಹಿಡಿಕೆ ಆರಿಸುವಾಗ: ಹೊಳಪಿನ ಅಡಿಯಲ್ಲಿ ಏನಿದೆ?

ಅಂಗಡಿಯ ಶೆಲ್ಫಿನಲ್ಲಿ ಹಿತ್ತಾಳೆ, ಕ್ರೋಮ್, ಮ್ಯಾಟ್ ಬ್ಲ್ಯಾಕ್, ಪಿವಿಡಿ ನಾಲ್ಕೂ ಹೊಸದಾಗಿದ್ದಾಗ ಚೆನ್ನಾಗಿಯೇ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಮಂಗಳೂರು, ಮಲ್ಪೆ, ಕಾರವಾರದಂಥ ಊರಿನಲ್ಲಿ ಎರಡು ಮಳೆಗಾಲ ಕಳೆದ ಮೇಲೆ. ಈ ವಿಷಯ ಓದುವಾಗ ನನಗೆ ಮುಖ್ಯ ಅನಿಸಿದ್ದು ಇಷ್ಟು: ಗೀರು ಬೀಳದಂತೆ ತಡೆಯುವುದು ಒಂದು ಗುಣ, ಉಪ್ಪು ಗಾಳಿ ತಡೆಯುವುದು ಬೇರೆಯೇ ಗುಣ. ಮೊದಲನೆಯದು ಮೇಲಿನ ಪದರದ ಕೆಲಸ. ಎರಡನೆಯದು ಹೆಚ್ಚಾಗಿ ಅಡಿಯಲ್ಲಿರುವ ಪದರ ಮತ್ತು ಲೋಹದ ಕೆಲಸ.

ಮೊದಲು ಗಾಳಿಯ ವಿಷಯ

ಕಡಲ ಗಾಳಿಯಲ್ಲಿ ಬರುವ ಉಪ್ಪು ಬರೀ ಅಡುಗೆ ಉಪ್ಪಲ್ಲ, ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ನೀರು ಹೀರಿ ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರಷ್ಟು ತೇವ ಇದ್ದರೂ ಸಾಕು. ಅಂದರೆ ಕರಾವಳಿಯಲ್ಲಿ ಹಿಡಿಕೆಯ ಮೇಲೆ ಕೂತ ಉಪ್ಪಿನ ಪುಡಿ ಒಣಗುವುದೇ ಅಪರೂಪ. ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪೊರೆ ಅಲ್ಲಿ ಇದ್ದೇ ಇರುತ್ತದೆ.

ಇದರಿಂದ ಬರುವ ಒಂದು ಪರಿಣಾಮ ಅನೇಕರಿಗೆ ಹೊಳೆಯುವುದಿಲ್ಲ. ಮಳೆಗೆ ನೇರ ಸಿಗುವ ಗೇಟಿನ ಚಿಲಕಕ್ಕಿಂತ, ಸೂರಿನ ಕೆಳಗೆ ಬೆಚ್ಚಗಿರುವ ಬಾಗಿಲಿನ ಹಿಡಿಕೆ ಬೇಗ ಹಾಳಾಗಬಹುದು. ಗೇಟಿನ ಉಪ್ಪನ್ನು ಮಳೆ ತೊಳೆದುಬಿಡುತ್ತದೆ. ಸೂರಿನ ಕೆಳಗಿನ ಉಪ್ಪನ್ನು ನಾವು ಒರೆಸದಿದ್ದರೆ ಯಾರೂ ತೊಳೆಯುವುದಿಲ್ಲ, ಅಲ್ವಾ?

ಕ್ರೋಮ್: ಕಾವಲು ಕಾಯುವುದು ನಿಕ್ಕಲ್

ಕ್ರೋಮ್ ನಲ್ಲಿಯ ಮೇಲೆ ಇರುವ ಕ್ರೋಮಿಯಂ ಸುಮಾರು 0.2ರಿಂದ 0.3 ಮೈಕ್ರಾನ್ ಮಾತ್ರ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದು ಇಟ್ಟುಕೊಂಡರೆ, ಅದರ ಮುನ್ನೂರನೇ ಒಂದು ಪಾಲಿನ ಆಸುಪಾಸು. ಇಷ್ಟು ತೆಳುವಾದ ಪದರದಲ್ಲಿ ಸಣ್ಣ ಬಿರುಕು, ರಂಧ್ರ ಇದ್ದೇ ಇರುತ್ತವೆ. ಅದರ ಅಡಿಯಲ್ಲಿ ನಿಕ್ಕಲ್ ಪದರವಿದೆ. ಮನೆಯೊಳಗಿನ ಸಾಧಾರಣ ಬಳಕೆಗೆ ಅದು 8ರಿಂದ 10 ಮೈಕ್ರಾನ್ ಇದ್ದರೆ ನಡೆಯುತ್ತದೆ. ಉಪ್ಪು ಗಾಳಿ ನೇರ ಬಡಿಯುವಲ್ಲಿ 20 ಮೈಕ್ರಾನ್‌ಗಿಂತ ಜಾಸ್ತಿ ಬೇಕು.

ಕ್ರೋಮಿಯಂ ತಾನು ಸುಲಭಕ್ಕೆ ಕರಗುವುದಿಲ್ಲ. ಆದರೆ ಬಿರುಕಿನಲ್ಲಿ ಉಪ್ಪುನೀರು ಇಳಿದಾಗ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಸುತ್ತಲಿನ ದೊಡ್ಡ ಕ್ರೋಮಿಯಂ ಹಾಳೆ ಉಳಿದುಕೊಂಡು, ಬಿರುಕಿನ ತಳದಲ್ಲಿ ಕಾಣುವ ಚೂರು ನಿಕ್ಕಲ್ ಕರಗುತ್ತಾ ಹೋಗುತ್ತದೆ. ತೂತು ನಿಕ್ಕಲನ್ನು ದಾಟಿತು ಅಂದರೆ ಅಡಿಯ ಲೋಹದ ಸರದಿ. ಅಡಿಯಲ್ಲಿ ಹಿತ್ತಾಳೆ ಇದ್ದರೆ ಹಸಿರು ಚುಕ್ಕೆ ಏಳುತ್ತದೆ, ಕೆಡುವುದು ನಿಧಾನ. ಅಡಿಯಲ್ಲಿ ಸತುವಿನ ಎರಕ ಇದ್ದರೆ ಬಿಳಿ ಪುಡಿ ಬರುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಮೇಲಿನ ಹೊಳಪು ಗುಳ್ಳೆ ಎದ್ದು, ಸಿಪ್ಪೆಯಂತೆ ಬಿಡುತ್ತದೆ. ಬೆರಳು ಸವರಿದರೆ ಚುಚ್ಚುವುದು ಇದೇ. ಒಂದೇ ಅಂಗಡಿಯ ಎರಡು ಕ್ರೋಮ್ ಸಾಮಾನುಗಳಲ್ಲಿ ಒಂದು ಬಾಳಿ, ಇನ್ನೊಂದು ಬೇಗ ಹೋಗಲು ಮುಖ್ಯ ಕಾರಣ ಇಲ್ಲಿದೆ.

ಕ್ರೋಮಿಗೆ ಇನ್ನೊಂದು ಶತ್ರು ನಮ್ಮ ಕೈಯಲ್ಲೇ ಇದೆ. ಬಾತ್‌ರೂಮ್ ತೊಳೆಯುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಕ್ರೋಮಿಯಂ ಅನ್ನು ಕರಗಿಸುತ್ತದೆ. ನೆಲಕ್ಕೆ ಹಾಕಿದ ಆಸಿಡ್ ನಲ್ಲಿಯ ಮೇಲೆ ಸಿಡಿದ ಕಡೆ ನೀಲಿ ಛಾಯೆಯ ಬಿಳಿ ಹೊಳಪು ಹೋಗಿ, ತುಸು ಹಳದಿ ಛಾಯೆ ಕಾಣುತ್ತದೆ. ಅದು ಕೊಳೆಯಲ್ಲ, ಕ್ರೋಮ್ ಹೋಗಿ ನಿಕ್ಕಲ್ ಹೊರಬಂದಿರುವುದು. ಎಷ್ಟು ಉಜ್ಜಿದರೂ ವಾಪಸ್ ಬರುವುದಿಲ್ಲ.

ಪಿವಿಡಿ: ಗಟ್ಟಿ, ಆದರೆ ಒಬ್ಬಂಟಿಯಲ್ಲ

ಪಿವಿಡಿ ಅಂದರೆ ನಿರ್ವಾತ ಕೋಣೆಯಲ್ಲಿ ಲೋಹವನ್ನು ಆವಿ ಮಾಡಿ, ಸಾಮಾನಿನ ಮೇಲೆ ಕೂರಿಸುವ ವಿಧಾನ. ಚಿನ್ನದ ಬಣ್ಣಕ್ಕೆ ಟೈಟಾನಿಯಂ ನೈಟ್ರೈಡ್, ಹಿತ್ತಾಳೆಯಂಥ ಬಣ್ಣಕ್ಕೆ ಜಿರ್ಕೋನಿಯಂ ನೈಟ್ರೈಡ್ ಬಳಸುತ್ತಾರೆ. ಗಟ್ಟಿತನದಲ್ಲಿ ಇದಕ್ಕೆ ಸಾಟಿಯಿಲ್ಲ. ವಿಕರ್ಸ್ ಅಳತೆಯಲ್ಲಿ ಟೈಟಾನಿಯಂ ನೈಟ್ರೈಡ್ ಸುಮಾರು 2000 ಇದ್ದರೆ, ಕ್ರೋಮ್ 1000ದ ಒಳಗೆ, ಹಿತ್ತಾಳೆ 100-150ರ ಸುತ್ತ. ಕೀಲಿ ತಾಗಿ, ಉಂಗುರ ಉಜ್ಜಿ ಬೀಳುವ ಗೀರು ಪಿವಿಡಿಗೆ ಸುಲಭಕ್ಕೆ ಬೀಳುವುದಿಲ್ಲ. ಬಣ್ಣವೂ ಪೇಂಟಿನಂತೆ ಮಾಸುವುದಿಲ್ಲ.

ಆದರೆ ಈ ಪದರವೂ ಒಂದು ಮೈಕ್ರಾನಿನ ಸುತ್ತ ಮಾತ್ರ, ಅದರಲ್ಲೂ ಸೂಜಿಮೊನೆಯಂಥ ರಂಧ್ರಗಳಿವೆ. ನೈಟ್ರೈಡ್ ಕರಗುವುದಿಲ್ಲ. ರಂಧ್ರದ ತಳದ ಲೋಹ ಕರಗುತ್ತದೆ. ಕ್ರೋಮಿನ ಕಥೆಯೇ ಮತ್ತೆ! ಅದಕ್ಕೆ ಒಳ್ಳೆಯ ಪಿವಿಡಿ ನಲ್ಲಿಯಲ್ಲಿ ಹಿತ್ತಾಳೆಯ ಮೇಲೆ ನಿಕ್ಕಲ್, ಕ್ರೋಮ್ ಎರಡೂ ಕೂರಿಸಿ, ಅದರ ಮೇಲೆ ಪಿವಿಡಿ ಮಾಡುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ನೇರವಾಗಿ ಮಾಡುವುದೂ ಉಂಟು. ಅಲ್ಲಿ ಕೇಳಬೇಕಾದ ಪ್ರಶ್ನೆ ಗ್ರೇಡ್ ಯಾವುದು ಅನ್ನುವುದು. 304 ಗ್ರೇಡ್ ಕಡಲ ಹತ್ತಿರ ಚಹಾದ ಕಲೆಯಂಥ ಕಂದು ಚುಕ್ಕೆ ಹಿಡಿಯುತ್ತದೆ. 316ರಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ. 'ಪಿವಿಡಿ ತುಕ್ಕು ಹಿಡಿಯುತ್ತದೆ' ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಅಡಿಯ ಲೋಹವೇ ಇರುತ್ತದೆ.

ಮ್ಯಾಟ್ ಬ್ಲ್ಯಾಕ್ ಅನ್ನುವುದು ಬಣ್ಣದ ಹೆಸರು ಮಾತ್ರ

ಕಪ್ಪು ಬಣ್ಣ ಬರುವ ದಾರಿ ಹಲವು: ಪೌಡರ್ ಕೋಟಿಂಗ್, ಪೇಂಟ್, ಕಪ್ಪು ಕ್ರೋಮ್, ಕಪ್ಪು ಪಿವಿಡಿ. ಸುಮ್ನೆ 'ಮ್ಯಾಟ್ ಬ್ಲ್ಯಾಕ್ ಎಷ್ಟು ಬಾಳಿಕೆ?' ಎಂದು ಕೇಳಿದರೆ ಉತ್ತರವಿಲ್ಲ. ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವ ಪೌಡರ್ ಕೋಟಿಂಗ್ 60-80 ಮೈಕ್ರಾನ್ ದಪ್ಪ. ರಂಧ್ರವಿಲ್ಲದೆ ಕೂತರೆ ಉಪ್ಪನ್ನು ಚೆನ್ನಾಗಿಯೇ ತಡೆಯುತ್ತದೆ. ಸೋಲುವುದು ಅಂಚಿನಲ್ಲಿ. ಚೂಪಾದ ಮೂಲೆಯಲ್ಲಿ ಪುಡಿ ಕರಗಿ ಹರಿಯುವಾಗ ಪದರ ತೆಳುವಾಗುತ್ತದೆ. ಪ್ಲಂಬರ್ ಸ್ಪ್ಯಾನರ್ ಹಾಕಿದ ಕಡೆ ಚಕ್ಕೆ ಏಳುತ್ತದೆ. ಆ ಒಂದು ಗಾಯದಿಂದ ಉಪ್ಪುನೀರು ಪದರದ ಅಡಿಗೆ ನುಗ್ಗಿ ಸುತ್ತ ಹರಡುತ್ತದೆ. ಹೀಗಾಗಿ ಕಪ್ಪು ಸಾಮಾನು ಕೊಳ್ಳುವಾಗ ಮೂಲೆ ದುಂಡಗಿರುವುದನ್ನೇ ನೋಡಿ.

ಬಣ್ಣವೋ ಪಿವಿಡಿಯೋ ಎಂಬ ಅನುಮಾನ ಇದ್ದರೆ, ಹಿಂಬದಿಯಲ್ಲಿ ಕಾಣದ ಕಡೆ ಸೂಜಿಯಿಂದ ಗೀರಿ. ಬಣ್ಣವಾದರೆ ಏಳುತ್ತದೆ, ಪಿವಿಡಿ ಹಾಗೆ ಏಳುವುದಿಲ್ಲ. ಬೋರ್‌ವೆಲ್ ನೀರಿನ ಬಿಳಿ ಕಲೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ ಎನ್ನುವುದು ಬೇರೆ ಮಾತು. ಅದನ್ನು ತೆಗೆಯಲು ಒರಟು ಸ್ಕ್ರಬ್ಬರ್ ಬಳಸಿದರೆ ಮ್ಯಾಟ್ ಹೋಗಿ ಅಲ್ಲಲ್ಲಿ ಮಿನುಗುತ್ತದೆ.

ಹಿತ್ತಾಳೆ: ಬಣ್ಣ ಬದಲಾಗುತ್ತದೆ, ಸಿಪ್ಪೆ ಏಳುವುದಿಲ್ಲ

ಲ್ಯಾಕರ್ ಹಾಕದ ಹಿತ್ತಾಳೆ ಕರಾವಳಿಯಲ್ಲಿ ಬೇಗ ಕಪ್ಪಾಗುತ್ತದೆ, ಸಂದಿಯಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಆದರೆ ಮೇಲೆ ಸಿಪ್ಪೆ ಏಳುವಂಥ ಪದರವೇ ಇಲ್ಲ. ನಾಲ್ಕರಲ್ಲಿ ಮನೆಯಲ್ಲೇ ಹೊಸದರಂತೆ ಮಾಡಬಹುದಾದದ್ದು ಇದೊಂದೇ. ನಮ್ಮ ಕಡೆ ಹುಣಸೆ ಹುಳಿ, ಬಿಂಬುಳಿಯಿಂದ ತಿಕ್ಕುತ್ತಾರೆ, ಅದು ಸರಿಯಾದ ಕ್ರಮವೇ. ಹುಳಿಯನ್ನು ಬಹಳ ಹೊತ್ತು ಬಿಡಬಾರದು, ಅಷ್ಟೇ. ಹೊತ್ತಾದರೆ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅಂದರೆ ಸತು ಹೋಗಿ ತಾಮ್ರ ಉಳಿದಿದೆ. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ಲ್ಯಾಕರ್ ಹಾಕಿದ ಹಿತ್ತಾಳೆಗೆ ಈ ಅನುಕೂಲವಿಲ್ಲ. ಲ್ಯಾಕರ್ ಒಂದು ಕಡೆ ಬಿರಿದರೆ ಅದರಡಿ ಕಪ್ಪು ಗೆರೆ ಹರಿದಾಡುತ್ತದೆ, ಹುಳಿ ಅಲ್ಲಿಗೆ ಮುಟ್ಟುವುದಿಲ್ಲ.

ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಕಡೆ ನಲ್ಲಿಯ ಒಳಗಿಂದಲೂ ಸತು ಕರಗಬಹುದು. ನಟ್ಟಿನ ಸುತ್ತ ಬಿಳಿ ಪುಡಿ, ಒಡೆದ ಕಡೆ ಕೆಂಪಗಿನ ಮೆತ್ತನೆ ಲೋಹ ಕಂಡರೆ ಅದೇ. ಅಂಥ ಕಡೆಗೆ ಸತು ಸುಲಭಕ್ಕೆ ಕರಗಿಹೋಗದ ಡಿಝಡ್‌ಆರ್ ಹಿತ್ತಾಳೆಯನ್ನೇ ಕೇಳಿ ತರಬೇಕು.

ಅಡಿಯ ಲೋಹ ಕಂಡುಹಿಡಿಯುವುದು

ಹಿತ್ತಾಳೆಯೋ ಸತುವೋ ಎಂದು ಕತ್ತರಿಸದೆ ತಿಳಿಯಬಹುದು. ಅಯಸ್ಕಾಂತ ಇಲ್ಲಿ ಕೆಲಸಕ್ಕೆ ಬಾರದು, ಎರಡಕ್ಕೂ ಅಂಟುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹಿಡಿಕೆಯಿಂದ ಸ್ಕ್ರೂ, ಸ್ಪ್ರಿಂಗ್ ತೆಗೆದು ತೂಗಿ. 420 ಗ್ರಾಂ ಬಂತು ಅನ್ನಿ. ಈಗ ನೀರು ತುಂಬಿದ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಹಿಡಿಕೆಯನ್ನು ದಾರಕ್ಕೆ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. ತಕ್ಕಡಿ ತೋರಿಸುವ ಗ್ರಾಂ, ಹಿಡಿಕೆ ಪಕ್ಕಕ್ಕೆ ಸರಿಸಿದ ನೀರಿನ ಮಿಲಿಲೀಟರ್. 50 ತೋರಿಸಿದರೆ 420 ಭಾಗ 50, ಅಂದರೆ 8.4. ಇದು ಹಿತ್ತಾಳೆ. 63 ತೋರಿಸಿದರೆ 6.7, ಸತುವಿನ ಎರಕ. 8ರ ಸುತ್ತ ಬಂದರೆ ಸ್ಟೇನ್‌ಲೆಸ್ ಸ್ಟೀಲ್, 2.7 ಬಂದರೆ ಅಲ್ಯೂಮಿನಿಯಂ. ಗಾಳಿ ಒಳಗೆ ಸಿಕ್ಕಿಕೊಳ್ಳುವ ಟೊಳ್ಳು ಹಿಡಿಕೆಗೆ ಈ ಲೆಕ್ಕ ತಪ್ಪುತ್ತದೆ. ಎರಡು ಲೋಹ ಸೇರಿಸಿ ಮಾಡಿದ್ದಕ್ಕೂ ಅಷ್ಟೇ.

ಡಬ್ಬಿಯ ಮೇಲೆ ಬರೆದ ಸಾಲ್ಟ್ ಸ್ಪ್ರೇ ಗಂಟೆಗಳನ್ನು ವರ್ಷಕ್ಕೆ ತಿರುಗಿಸಬೇಡಿ. ಆ ಪರೀಕ್ಷೆಯಲ್ಲಿ 35 ಡಿಗ್ರಿಯಲ್ಲಿ ಶೇ. 5ರ ಉಪ್ಪುನೀರಿನ ಮಂಜು ಬಿಡುತ್ತಲೇ ಇರುತ್ತಾರೆ. ನಡುವೆ ಒಣಗುವುದಿಲ್ಲ, ಆಸಿಡ್ ಇಲ್ಲ, ಗೀರು ಇಲ್ಲ. ಒಂದೇ ಬಗೆಯ ಎರಡು ಸಾಮಾನು ಹೋಲಿಸಲು ಮಾತ್ರ ಆ ಸಂಖ್ಯೆ ಉಪಯೋಗ.

ಒಂದು ಮನೆಗೆ ಹಾಕಿ ನೋಡೋಣ

ಉಳ್ಳಾಲದಲ್ಲಿ ಕಡಲಿಂದ ಅರ್ಧ ಕಿಲೋಮೀಟರ್ ದೂರದ, ಪಶ್ಚಿಮಕ್ಕೆ ಬಾಗಿಲಿರುವ ಮನೆ ಎಂದುಕೊಳ್ಳಿ. ಮುಂಬಾಗಿಲು ಸೂರಿನ ಕೆಳಗಿದೆ, ಗಾಳಿಗೆ ನೇರ ಎದುರು. ಇಲ್ಲಿ ನಾನು 316 ಸ್ಟೀಲ್ ಮೇಲಿನ ಪಿವಿಡಿ ಅಥವಾ ಲ್ಯಾಕರ್ ಇಲ್ಲದ ಗಟ್ಟಿ ಹಿತ್ತಾಳೆ ಆರಿಸುತ್ತೇನೆ. ಹಿತ್ತಾಳೆ ಆದರೆ ಆಗಾಗ ತಿಕ್ಕುವವರು ಮನೆಯಲ್ಲಿರಬೇಕು. ಬಾತ್‌ರೂಮಿನ ನಲ್ಲಿಗೆ ಹಿತ್ತಾಳೆ ಮೇಲಿನ ಕ್ರೋಮ್ ಸಾಕು, ಆಸಿಡ್ ಬಳಸುವುದನ್ನು ಬಿಟ್ಟರೆ ಮಾತ್ರ. ಆಸಿಡ್ ಬಿಡಲಾಗದ ಮನೆಗೆ ಪಿವಿಡಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಮ್ಯಾಟ್ ಬ್ಲ್ಯಾಕ್ ಇಷ್ಟವಾದರೆ ಒಳಕೋಣೆಯ ಬಾಗಿಲಿಗೆ ಹಾಕಿ, ಅಲ್ಲಿ ಉಪ್ಪೂ ಕಡಿಮೆ, ಸ್ಪ್ಯಾನರೂ ಇಲ್ಲ. ಸತುವಿನ ಎರಕಕ್ಕೆ ಯಾವ ಫಿನಿಶ್ ಇದ್ದರೂ ಮುಂಬಾಗಿಲಿಗೆ ಬೇಡ.

ಕೂರಿಸುವ ಮೊದಲು ಡಬ್ಬಿಯಲ್ಲಿ ಬಂದ ಸ್ಕ್ರೂಗಳಿಗೆ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಹೆಚ್ಚಾಗಿ ಅವು ಲೇಪ ಹಾಕಿದ ಕಬ್ಬಿಣ. ಒಳ್ಳೆಯ ಹಿಡಿಕೆಯ ಕೆಳಗೆ ಮೊದಲ ಮಳೆಗಾಲದಲ್ಲೇ ಇಳಿಯುವ ಕೆಂಪು ಗೆರೆ ಎಷ್ಟೋ ಸಲ ಈ ಸ್ಕ್ರೂಗಳದ್ದು. ಸ್ಟೀಲ್ ಹಿಡಿಕೆಗೆ 316 ಸ್ಕ್ರೂ, ಹಿತ್ತಾಳೆ ಹಿಡಿಕೆಗೆ ಹಿತ್ತಾಳೆ ಸ್ಕ್ರೂ ತಂದು ಕಾರ್ಪೆಂಟರ್ ಕೈಗೆ ಕೊಡಿ.